ಮನೆ ಬಿಡಲು, ಬಿಡಿಸಲು ಎಷ್ಟು ದಿನದ ನೋಟಿಸ್ ಕೊಡಬೇಕು?

ಬಾಡಿಗೆ ಮನೆಯ ವಿಚಾರದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಓನರ್ ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಿ ಅನ್ನುತ್ತಿದ್ದಾರೆ, ಹಾಗೆ ಹೇಳಲು ಬರುತ್ತದೆಯೇ? ಇದರ ಇನ್ನೊಂದು ಮುಖವೂ ಅಷ್ಟೇ ಸಾಮಾನ್ಯ: ನಾನು ಮನೆ ಬಿಡುತ್ತೇನೆ ಅಂದರೆ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತೇವೆ ಅನ್ನುತ್ತಾರೆ, ಅದು ಸರಿಯೇ? ಎರಡಕ್ಕೂ ಒಂದೇ ಸಂಖ್ಯೆಯ ಉತ್ತರ ಇಲ್ಲ. ನಿಮ್ಮ ಕರಾರು ಪತ್ರ ಏನು ಹೇಳುತ್ತದೆ, ಅದರ ಅವಧಿ ಇನ್ನೂ ಇದೆಯೇ, ಅದು ನೋಂದಣಿ ಆಗಬೇಕಿದ್ದ ಪತ್ರವೇ, ನೋಟಿಸ್ ಯಾವ ದಿನ ಕೈಸೇರಿತು ಎಂಬ ನಾಲ್ಕು ಸಂಗತಿಗಳನ್ನು ಒಂದಾದ ಮೇಲೊಂದರಂತೆ ನೋಡಿದರೆ ಉತ್ತರ ಸಿಗುತ್ತದೆ. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಗಮನಿಸಿ: ಇದು ಕರ್ನಾಟಕದ ಬಾಡಿಗೆ ಮನೆ ಮತ್ತು ಅಂಗಡಿಗಳ ಬಗ್ಗೆ ಸಾಮಾನ್ಯ ಮಾಹಿತಿ ಮಾತ್ರ. ಯಾರೊಬ್ಬರ ಪ್ರಕರಣಕ್ಕೂ ಕೊಟ್ಟ ಕಾನೂನು ಸಲಹೆ ಅಲ್ಲ. ಕರಾರಿನ ಒಂದೇ ಸಾಲು ಉತ್ತರವನ್ನು ತಲೆಕೆಳಗು ಮಾಡಬಲ್ಲದು. ಆದ್ದರಿಂದ ಹೆಜ್ಜೆ ಇಡುವ ಮೊದಲು ನಿಮ್ಮ ಕಾಗದಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಿ. ಮುಂಬೈ, ಪುಣೆ, ಚೆನ್ನೈನಲ್ಲಿರುವ ಕನ್ನಡಿಗರಿಗೆ ಅಲ್ಲಿನ ರಾಜ್ಯದ ಬಾಡಿಗೆ ಕಾನೂನು ಬೇರೆ ಇದೆ. ಇಲ್ಲಿನ ಲೆಕ್ಕವನ್ನು ಅಲ್ಲಿಗೆ ಹಾಕಬೇಡಿ.

ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದವು

ಕರಾರು ಪತ್ರದ ಎಲ್ಲ ಪುಟಗಳು, ಅದನ್ನು ನವೀಕರಿಸಿದ್ದರೆ ಆ ಪತ್ರವೂ. ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಅಥವಾ ಬ್ಯಾಂಕ್ ದಾಖಲೆ. ಕಳೆದ ಆರು ತಿಂಗಳ ಬಾಡಿಗೆ ಪಾವತಿಯ ವಿವರ. ಕೊನೆಯ ವಿದ್ಯುತ್ ಮತ್ತು ನೀರಿನ ಬಿಲ್. ಮನೆಗೆ ಬಂದ ದಿನ ತೆಗೆದ ಫೋಟೊ ಇದ್ದರೆ ಅದೂ ಇರಲಿ. ಕರಾರಿನ ನಿಮ್ಮ ಪ್ರತಿ ಕಳೆದುಹೋಗಿದ್ದರೆ ಮಾಲೀಕರಿಂದ ಅಥವಾ ಅದನ್ನು ಮಾಡಿಸಿಕೊಟ್ಟ ಬ್ರೋಕರ್‌ರಿಂದ ಮೊಬೈಲ್‌ನಲ್ಲಾದರೂ ಒಂದು ನಕಲು ತರಿಸಿಕೊಳ್ಳಿ. ಜಗಳ ಶುರುವಾದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಹಂತ 1: ಕರಾರಿನಲ್ಲಿ ಮೂರು ಸಾಲು ಹುಡುಕಿ

ಒಂದನೆಯದು ಅವಧಿ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ನೋಡಿ. ಎರಡನೆಯದು ನೋಟಿಸ್ ಷರತ್ತು. 'ಎರಡೂ ಕಡೆಯವರು ಒಂದು ತಿಂಗಳ ಮುಂಚಿತ ಲಿಖಿತ ನೋಟಿಸ್ ಕೊಟ್ಟು ಕರಾರನ್ನು ಕೊನೆಗೊಳಿಸಬಹುದು' ಎಂಬಂಥ ಸಾಲು ಅದು. ಮೂರನೆಯದು ಲಾಕ್-ಇನ್, ಅಂದರೆ ಇಷ್ಟು ತಿಂಗಳು ಮುಗಿಯುವವರೆಗೆ ಯಾರೂ ಬಿಡುವಂತಿಲ್ಲ ಎಂಬ ಷರತ್ತು. ಇದು ಎಲ್ಲ ಕರಾರುಗಳಲ್ಲಿ ಇರುವುದಿಲ್ಲ. ಅಪಾರ್ಟ್‌ಮೆಂಟ್ ಮನೆಗಳ ಮತ್ತು ಅಂಗಡಿಗಳ ಕರಾರಿನಲ್ಲಿ ಹೆಚ್ಚು.

ಕರಾರಿನ ಅವಧಿ ಇನ್ನೂ ನಡೆಯುತ್ತಿದ್ದು, ಅದರಲ್ಲಿ ನೋಟಿಸ್ ಷರತ್ತು ಇದ್ದರೆ ನಿಮ್ಮ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ. ಕಾನೂನು ಹೇಳುವ ಹದಿನೈದು ದಿನ ಕರಾರು ಸುಮ್ಮನಿರುವಾಗ ಮಾತ್ರ ಬರುತ್ತದೆ. ಕರಾರು ಎರಡು ತಿಂಗಳು ಎಂದಿದ್ದರೆ ಎರಡು ತಿಂಗಳು. ಬಾಡಿಗೆದಾರರಿಗೆ ಎರಡು ತಿಂಗಳು, ಮಾಲೀಕರಿಗೆ ಒಂದೇ ತಿಂಗಳು ಎಂದು ಬರೆದಿದ್ದರೂ ಅದು ಏಕಪಕ್ಷೀಯ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಸಹಿ ಹಾಕುವ ದಿನ ಓದಬೇಕಾದ ಸಾಲು ಅದು, ಮನೆ ಬಿಡುವ ದಿನವಲ್ಲ.

ಲಾಕ್-ಇನ್ ಮುರಿದು ಹೊರಟರೆ ಉಳಿದ ಎಲ್ಲ ತಿಂಗಳ ಬಾಡಿಗೆ ಕಟ್ಟಲೇಬೇಕೇ? ಮಾಲೀಕರು ಕೇಳಬಹುದು, ಆದರೆ ಕೇಳಿದಷ್ಟೂ ಸಿಗುತ್ತದೆ ಎಂದಿಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದಾಗ ಸಿಗುವುದು ಸಮಂಜಸವಾದ ಪರಿಹಾರ. ಪತ್ರದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ. ನೀವು ಬಿಟ್ಟ ಮುಂದಿನ ತಿಂಗಳೇ ಅದೇ ಮನೆಗೆ ಬೇರೆಯವರು ಬಂದಿದ್ದರೆ ಐದು ತಿಂಗಳ ನಷ್ಟವಾಯಿತು ಎಂದು ಸಾಧಿಸುವುದು ಮಾಲೀಕರಿಗೆ ಕಷ್ಟ. ಆದ್ದರಿಂದ ಲಾಕ್-ಇನ್ ನಡುವೆ ಹೊರಡುವವರು ಬದಲಿ ಬಾಡಿಗೆದಾರರನ್ನು ತಾವೇ ತೋರಿಸಿಕೊಟ್ಟು, ಅದಕ್ಕೊಂದು ಬರವಣಿಗೆಯ ದಾಖಲೆ ಇಟ್ಟುಕೊಳ್ಳುವುದು ಜಾಣತನ.

ಹಂತ 2: ಆ ಕರಾರು ಇಂದಿಗೂ ಜೀವಂತವೇ?

ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮಲ್ಲಿ ಕರಾರು ಮಾಡುವುದು 11 ತಿಂಗಳಿಗೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಪತ್ರವನ್ನು ಆಸ್ತಿ ವರ್ಗಾವಣೆ ಕಾಯ್ದೆ 1882ರ 107ನೇ ಕಲಮಿನ ಪ್ರಕಾರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳು. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಪತ್ರ ಮಾಡಿಸಲು ಯಾರಿಗೂ ನೆನಪಿರುವುದಿಲ್ಲ. ಬಾಡಿಗೆ ಪ್ರತಿ ತಿಂಗಳು ಹೋಗುತ್ತಿರುತ್ತದೆ, ಮಾಲೀಕರು ತೆಗೆದುಕೊಳ್ಳುತ್ತಿರುತ್ತಾರೆ, ಹೀಗೆ ಎರಡು ಮೂರು ವರ್ಷ ಕಳೆಯುತ್ತದೆ.

ಇಂಥ ಸ್ಥಿತಿಗೆ ಕಾನೂನಿನಲ್ಲಿ ಒಂದು ಹೆಸರಿದೆ, 'ಹೋಲ್ಡಿಂಗ್ ಓವರ್'. ಅವಧಿ ಮುಗಿದ ಮೇಲೂ ಮಾಲೀಕರ ಒಪ್ಪಿಗೆಯಿಂದ ಬಾಡಿಗೆದಾರ ಮುಂದುವರಿಯುವುದು ಎಂದರ್ಥ. ಅದೇ ಕಾಯ್ದೆಯ 116ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಈ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಅದಕ್ಕೆ ನೋಟಿಸ್ ಅವಧಿ 106ನೇ ಕಲಮಿನ ಹದಿನೈದು ದಿನ.

ಹಾಗಾದರೆ ಮುಗಿದುಹೋದ ಕರಾರಿನ 'ಒಂದು ತಿಂಗಳ ನೋಟಿಸ್' ಸಾಲಿನ ಗತಿ ಏನು? ಹಳೆಯ ಷರತ್ತುಗಳೇ ಮುಂದುವರಿಯುತ್ತವೆ ಎಂದು ಒಂದು ಕಡೆಯವರು ವಾದಿಸುತ್ತಾರೆ, ಅವಧಿಯ ಜೊತೆಗೆ ಆ ಷರತ್ತೂ ಮುಗಿಯಿತು ಎಂದು ಇನ್ನೊಂದು ಕಡೆಯವರು. ಈ ವಾದದಲ್ಲಿ ಸಿಕ್ಕಿಕೊಳ್ಳದಿರಲು ಸುಲಭದ ದಾರಿ ಒಂದಿದೆ: ಎರಡರಲ್ಲಿ ಯಾವುದು ಉದ್ದವೋ ಅಷ್ಟು ದಿನದ ನೋಟಿಸ್ ಕೊಡಿ. ಹದಿನೈದು ದಿನ ಉಳಿಸಲು ಹೋಗಿ ಒಂದು ತಿಂಗಳ ಬಾಡಿಗೆಯ ಮೇಲೆ ಜಗಳ ಎಳೆದುಕೊಳ್ಳುವುದು ಲಾಭದ ಮಾತಲ್ಲ.

ಇನ್ನೊಂದು ಬಗೆ ಇದೆ. ಎರಡು ಅಥವಾ ಮೂರು ವರ್ಷಕ್ಕೆ ಕರಾರು ಬರೆದು, ಛಾಪಾ ಕಾಗದದ ಮೇಲೆ ಸಹಿ ಹಾಕಿ, ನೋಟರಿ ಮಾಡಿಸಿ, ನೋಂದಣಿ ಮಾತ್ರ ಮಾಡಿಸದೆ ಬಿಟ್ಟಿರುವುದು. ನೋಟರಿ ಎಂದರೆ ನೋಂದಣಿ ಅಲ್ಲ. ಇಂಥ ಪತ್ರದಲ್ಲಿ ಬರೆದ ಮೂರು ವರ್ಷದ ಅವಧಿಯನ್ನು ನ್ಯಾಯಾಲಯದಲ್ಲಿ ಆಧಾರವಾಗಿ ಮುಂದಿಡಲು ಬರುವುದಿಲ್ಲ. ಮನೆ ಕೊಟ್ಟದ್ದು, ಬಾಡಿಗೆ ತೆಗೆದುಕೊಂಡದ್ದು ನಿಜವಾದ್ದರಿಂದ ತಿಂಗಳ ಬಾಡಿಗೆದಾರಿಕೆ ಇದೆ ಎಂದು ಭಾವಿಸಲಾಗುತ್ತದೆ, ನೋಟಿಸ್ ಮತ್ತೆ ಹದಿನೈದು ದಿನಕ್ಕೆ ಇಳಿಯುತ್ತದೆ. 'ನನಗೆ ಇನ್ನೂ ಒಂದೂವರೆ ವರ್ಷ ಇದೆ' ಎಂದು ಅಂಗಡಿಯ ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿದವರಿಗೆ ಇದು ದೊಡ್ಡ ಪೆಟ್ಟು.

ಕರಾರೇ ಇಲ್ಲ, ಎಲ್ಲವೂ ಬಾಯಿಮಾತು ಎಂಬವರೂ ಇದೇ ಹದಿನೈದು ದಿನದ ಗುಂಪಿಗೆ ಸೇರುತ್ತಾರೆ.

ಅವಧಿ ಮುಗಿದ ದಿನವೇ ಮನೆ ಬಿಡಬೇಕು ಎಂದು ಮಾಲೀಕರು ಮೊದಲೇ ತಿಳಿಸಿದ್ದು, ಆಮೇಲಿನ ಬಾಡಿಗೆ ಮುಟ್ಟದೆ ಇದ್ದರೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಗೊತ್ತುಪಡಿಸಿದ ಅವಧಿ ತಾನಾಗಿ ಮುಗಿದಾಗ ಬಾಡಿಗೆದಾರಿಕೆಯೂ ಮುಗಿಯುತ್ತದೆ, ಅದಕ್ಕೆ 106ರ ನೋಟಿಸ್ ಬೇಕಿಲ್ಲ. ಆದರೂ ಒಂದು ನೋಟಿಸ್ ಕಳಿಸಿಡುವುದು ವಕೀಲರ ರೂಢಿ, ಏಕೆಂದರೆ ಮುಂದೆ 'ಅವರು ಒಪ್ಪಿದ್ದರು' ಎಂಬ ವಾದ ಬಂದಾಗ ಅದು ಕೈಹಿಡಿಯುತ್ತದೆ.

ಹಂತ 3: ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುತ್ತದೆಯೇ ನೋಡಿ

ಕರ್ನಾಟಕ ಬಾಡಿಗೆ ಕಾಯ್ದೆ 1999 ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬಾಡಿಗೆದಾರರಿಗೆ ಇದು ಹೆಚ್ಚಿನ ರಕ್ಷಣೆ ಕೊಡುತ್ತದೆ: ಸುಮ್ಮನೆ ನೋಟಿಸ್ ಕೊಟ್ಟು ಬಿಡಿಸುವಂತಿಲ್ಲ, ಅದರ 27ನೇ ಕಲಮಿನಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನು ನ್ಯಾಯಾಲಯದ ಮುಂದೆ ತೋರಿಸಬೇಕು. ಆದರೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿ ಮೀರಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಈಗಿನ ಬಾಡಿಗೆಯಲ್ಲಿ ಹೆಚ್ಚಿನ ಮನೆಗಳು ಇದರ ಹೊರಗೇ ಉಳಿಯುತ್ತವೆ. ಹಳೆಯ ಪೇಟೆಗಳಲ್ಲಿ ದಶಕಗಳಿಂದ ಕಡಿಮೆ ಬಾಡಿಗೆಗೆ ಇರುವ ಮನೆಗಳು, 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳು ಒಳಗೆ ಬರಬಹುದು.

ನಿಮ್ಮದು ಅಂಥದ್ದಾದರೆ ಈ ಬರಹದ ಹದಿನೈದು ದಿನದ ಲೆಕ್ಕವನ್ನು ಬದಿಗಿಡಿ. ಉದಾಹರಣೆಗೆ, ಬಾಡಿಗೆ ಬಾಕಿಯ ಕಾರಣಕ್ಕೆ ಬಿಡಿಸಬೇಕಾದರೆ ಮಾಲೀಕರು ಮೊದಲು ಬಾಕಿ ಕೇಳಿ ನೋಟಿಸ್ ಕೊಡಬೇಕು. ಅದು ತಲುಪಿದ ಎರಡು ತಿಂಗಳೊಳಗೆ ಬಾಡಿಗೆದಾರ ಬಾಕಿ ಕಟ್ಟದಿದ್ದರೆ ಮಾತ್ರ ಆ ಕಾರಣ ನಿಲ್ಲುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯ ಹೆಸರು ಹೇಳಿ 'ಎರಡೇ ತಿಂಗಳ ಅಡ್ವಾನ್ಸ್' ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ಒಂದು ರಾಜ್ಯ ತನ್ನದೇ ಕಾನೂನಾಗಿ ಮಾಡಿಕೊಂಡಾಗ ಮಾತ್ರ ಅಲ್ಲಿ ಜಾರಿ. ಅದನ್ನು ನಂಬಿ ನೋಟಿಸ್ ಬರೆಯಬೇಡಿ.

ಹಂತ 4: ದಿನ ಎಣಿಸುವುದು

ಅವಧಿ ಶುರುವಾಗುವುದು ನೋಟಿಸ್ ಬರೆದ ದಿನದಿಂದಲ್ಲ, ಅಂಚೆಗೆ ಹಾಕಿದ ದಿನದಿಂದಲೂ ಅಲ್ಲ, ಎದುರು ಪಕ್ಷಕ್ಕೆ ತಲುಪಿದ ದಿನದಿಂದ. 106ನೇ ಕಲಮಿಗೆ 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಇದನ್ನು ಸ್ಪಷ್ಟ ಮಾತಿನಲ್ಲಿ ಹೇಳಿದೆ. ಎಣಿಸುವಾಗ ತಲುಪಿದ ದಿನವನ್ನು ಬಿಟ್ಟು ಮರುದಿನದಿಂದ ಒಂದು, ಎರಡು ಎಂದು ಎಣಿಸಿ. ತಿಂಗಳು ಎಂದಿದ್ದರೆ ಕ್ಯಾಲೆಂಡರ್ ತಿಂಗಳು, ಮೂವತ್ತು ದಿನವಲ್ಲ.

ತಿದ್ದುಪಡಿಗೆ ಮೊದಲು ನೋಟಿಸ್ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು ಎಂಬ ನಿಯಮ ಇತ್ತು. ಒಂದು ದಿನ ಹೆಚ್ಚು ಕಡಿಮೆಯಾದರೂ ನೋಟಿಸ್ ಬಿದ್ದುಹೋಗಿ ದಾವೆ ವಜಾ ಆಗುತ್ತಿತ್ತು. ಈಗ ಆ ನಿಯಮ ಕಾಯ್ದೆಯಲ್ಲಿ ಇಲ್ಲ. ಆದರೆ ಹಳೆಯ ನಮೂನೆ ನೋಡಿ ಟೈಪ್ ಮಾಡಿದ ಕರಾರುಗಳಲ್ಲಿ 'ತಿಂಗಳ ಕೊನೆಗೆ ಮುಗಿಯುವಂತೆ' ಎಂಬ ಸಾಲು ಇನ್ನೂ ಬರುತ್ತದೆ. ಕರಾರಿನಲ್ಲಿ ಇದ್ದರೆ ಪಾಲಿಸಬೇಕು.

ಅವಧಿ ಕಡಿಮೆ ಬರೆದ ನೋಟಿಸ್ ವ್ಯರ್ಥವೇ? ಮಾಲೀಕರು ಹತ್ತೇ ದಿನ ಕೊಟ್ಟಿದ್ದಾರೆ ಎಂದುಕೊಳ್ಳಿ. ಅವರು ದಾವೆ ಹಾಕಿದ್ದು ಹದಿನೈದು ದಿನ ಕಳೆದ ಮೇಲೆ ಎಂದಾದರೆ, ದಿನ ಕಡಿಮೆ ಇತ್ತು ಎಂಬ ಒಂದೇ ಕಾರಣಕ್ಕೆ ಆ ನೋಟಿಸ್ ಅಸಿಂಧು ಆಗುವುದಿಲ್ಲ. 'ಹತ್ತು ದಿನದ ನೋಟಿಸ್, ಕಸದ ಬುಟ್ಟಿಗೆ ಹಾಕಿ' ಎಂದು ಹೇಳುವವರ ಮಾತು ಕೇಳಬೇಡಿ.

ಇನ್ನೆರಡು ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ತಯಾರಿಕೆಗೆ ಕೊಟ್ಟ ಕಟ್ಟಡ ಮತ್ತು ಕೃಷಿ ಜಮೀನಿಗೆ 106ನೇ ಕಲಮು ಆರು ತಿಂಗಳ ನೋಟಿಸ್ ಹೇಳುತ್ತದೆ, ಅಂಗಡಿಗೆ ಮತ್ತು ಮನೆಗೆ ಹದಿನೈದೇ ದಿನ. ಪಿಜಿಯಲ್ಲಿ ಇರುವವರದ್ದು ಸಾಮಾನ್ಯವಾಗಿ ಬಾಡಿಗೆದಾರಿಕೆ ಅಲ್ಲ, ಇರಲು ಕೊಟ್ಟ ಅನುಮತಿ ಮಾತ್ರ. ಅಲ್ಲಿ ಸೇರುವಾಗ ಸಹಿ ಹಾಕಿದ ನಿಯಮ ಪತ್ರದ ನೋಟಿಸ್ ಅವಧಿಯೇ ನಡೆಯುತ್ತದೆ.

ಹಂತ 5: ನೋಟಿಸ್ ಬರೆಯುವುದು

ಬಾಡಿಗೆದಾರರು ಮನೆ ಬಿಡುವ ನೋಟಿಸ್‌ಗೆ ವಕೀಲರೇ ಬೇಕೆಂದಿಲ್ಲ. ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು, ಇಷ್ಟು ಕಾನೂನಿನ ಅಗತ್ಯ. ಕನ್ನಡದಲ್ಲಿ ಬರೆದರೆ ಯಾವ ಕೊರತೆಯೂ ಇಲ್ಲ. ಒಂದು ನಮೂನೆ:

> ದಿನಾಂಕ: ……
>
> ಇವರಿಗೆ: (ಮಾಲೀಕರ ಹೆಸರು, ಕರಾರಿನಲ್ಲಿರುವ ಪೂರ್ಣ ವಿಳಾಸ)
>
> ವಿಷಯ: ಬಾಡಿಗೆದಾರಿಕೆ ಕೊನೆಗೊಳಿಸುವ ನೋಟಿಸ್
>
> ತಮ್ಮ ಮಾಲೀಕತ್ವದ (ಮನೆ ಸಂಖ್ಯೆ, ಮಹಡಿ, ರಸ್ತೆ, ಬಡಾವಣೆ) ಮನೆಯಲ್ಲಿ ನಾನು ತಿಂಗಳಿಗೆ …… ರೂಪಾಯಿ ಬಾಡಿಗೆಗೆ ಇದ್ದೇನೆ. ಈ ನೋಟಿಸ್ ಮೂಲಕ ಬಾಡಿಗೆದಾರಿಕೆಯನ್ನು ಕೊನೆಗೊಳಿಸುತ್ತಿದ್ದೇನೆ. ದಿನಾಂಕ ……ರಂದು, ಅಥವಾ ಈ ನೋಟಿಸ್ ತಮಗೆ ತಲುಪಿ …… ಮುಗಿದ ದಿನದಂದು, ಇವುಗಳಲ್ಲಿ ಯಾವುದು ನಂತರವೋ ಅಂದು ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇನೆ. ಆ ದಿನದವರೆಗಿನ ಬಾಡಿಗೆ ಪಾವತಿಸುತ್ತೇನೆ. ನಾನು ಕೊಟ್ಟಿರುವ ಅಡ್ವಾನ್ಸ್ …… ರೂಪಾಯಿಯನ್ನು, ಕರಾರಿನಂತೆ ಕಡಿತಗಳಿದ್ದರೆ ಲೆಕ್ಕ ಕೊಟ್ಟು, ಅದೇ ದಿನ ಮರಳಿಸಬೇಕೆಂದು ಕೋರುತ್ತೇನೆ.
>
> (ಸಹಿ, ಹೆಸರು)

'ಇವುಗಳಲ್ಲಿ ಯಾವುದು ನಂತರವೋ' ಎಂಬ ಮಾತನ್ನು ಬಿಡಬೇಡಿ. ಅಂಚೆ ಎರಡು ದಿನ ತಡವಾದರೂ ನೋಟಿಸ್ ಅವಧಿ ಕಡಿಮೆ ಬೀಳದಂತೆ ಅದು ಕಾಯುತ್ತದೆ.

ಮಾಲೀಕರು ಕೊಡುವ ನೋಟಿಸ್‌ನಲ್ಲಿ ಮನೆಯ ಗುರುತು ಸ್ಪಷ್ಟವಾಗಿರಬೇಕು, ಬಾಡಿಗೆದಾರಿಕೆಯನ್ನು ಕೊನೆಗೊಳಿಸುತ್ತಿದ್ದೇನೆ ಎಂಬ ಮಾತು ನೇರವಾಗಿ ಇರಬೇಕು. 'ಬಾಕಿ ಕಟ್ಟಿ, ಇಲ್ಲದಿದ್ದರೆ ಮುಂದಿನ ಕ್ರಮ ಜರುಗಿಸಲಾಗುವುದು' ಎಂದಷ್ಟೇ ಬರೆದರೆ ಅದು ಬಾಕಿಯ ಬೇಡಿಕೆ, ಬಾಡಿಗೆದಾರಿಕೆ ಮುಗಿಸುವ ನೋಟಿಸ್ ಅಲ್ಲ. ಈ ಕಡೆಯ ನೋಟಿಸ್ ಮುಂದೆ ದಾವೆಗೆ ಬುನಾದಿ ಆಗುವುದರಿಂದ ವಕೀಲರಿಂದ ಬರೆಸುವುದು ಒಳ್ಳೆಯದು. ವಿದೇಶದಲ್ಲಿರುವ ಮಾಲೀಕರ ಪರವಾಗಿ ಅಧಿಕಾರ ಪತ್ರ ಇರುವವರು ಸಹಿ ಹಾಕಬಹುದು. ಅಧಿಕಾರ ಪತ್ರ ನೋಟಿಸ್ ದಿನಾಂಕಕ್ಕಿಂತ ಮುಂಚಿನದಾಗಿರಲಿ.

ಹಂತ 6: ತಲುಪಿಸುವುದು, ತಲುಪಿದ್ದಕ್ಕೆ ಸಾಕ್ಷಿ ಇಡುವುದು

ಕಾಯ್ದೆ ಒಪ್ಪುವ ದಾರಿಗಳು ಕೆಲವೇ. ಅಂಚೆಯ ಮೂಲಕ ಕಳಿಸಬಹುದು. ಅವರ ಕೈಗೇ ಕೊಡಬಹುದು. ಅವರ ವಾಸದ ಮನೆಯಲ್ಲಿ ಕುಟುಂಬದವರಿಗೆ ಅಥವಾ ಕೆಲಸದವರಿಗೆ ಕೊಡಬಹುದು. ಹೀಗೆ ಕೊಡಲು ಸಾಧ್ಯವಾಗದಿದ್ದರೆ ಮಾತ್ರ ಆ ಕಟ್ಟಡದ ಎದ್ದುಕಾಣುವ ಜಾಗಕ್ಕೆ ಅಂಟಿಸಬಹುದು.

ಕೈಗೆ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ 'ತಲುಪಿದೆ' ಎಂದು ದಿನಾಂಕ ಹಾಕಿ ಸಹಿ ಪಡೆಯಿರಿ. ಸಹಿ ಕೊಡಲು ಹಿಂಜರಿದರೆ ವಾದ ಮಾಡದೆ ಬಂದು, ಅದೇ ದಿನ ಅಂಚೆಗೆ ಹಾಕಿ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದೆ. ಆದ್ದರಿಂದ ಕೌಂಟರ್‌ನಲ್ಲಿ ಸ್ಪೀಡ್ ಪೋಸ್ಟ್‌ಗೆ ನೋಂದಣಿ ಸೇವೆಯನ್ನೂ ಸ್ವೀಕೃತಿಯನ್ನೂ ಸೇರಿಸಿ ಎಂದು ಬಾಯಿಬಿಟ್ಟು ಕೇಳಿ. ರಸೀದಿ ಜೋಪಾನ ಮಾಡಿ, ತಲುಪಿದ ಮೇಲೆ ಅಂಚೆ ಇಲಾಖೆಯ ಜಾಲತಾಣದಲ್ಲಿ ಕಾಣುವ ವಿತರಣೆಯ ವಿವರವನ್ನು ತಕ್ಷಣ ಮುದ್ರಿಸಿಟ್ಟುಕೊಳ್ಳಿ. ಕೆಲವು ತಿಂಗಳ ಮೇಲೆ ಹುಡುಕಿದರೆ ಆ ವಿವರ ಅಲ್ಲಿ ಸಿಗದೆ ಹೋಗಬಹುದು.

ಲಕೋಟೆ 'ತೆಗೆದುಕೊಳ್ಳಲು ನಿರಾಕರಿಸಿದರು' ಎಂಬ ಷರಾ ಹೊತ್ತು ಮರಳಿ ಬಂದರೆ ನೋಟಿಸ್ ವ್ಯರ್ಥವಾಯಿತು ಎಂದು ಬೇಸರಪಡಬೇಡಿ. ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ್ದು ತಲುಪಿದೆ ಎಂದೇ ನ್ಯಾಯಾಲಯ ಊಹಿಸುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ನಿರಾಕರಿಸಿದವರದ್ದು. ಆ ಲಕೋಟೆಯನ್ನು ಮಾತ್ರ ಒಡೆಯಬೇಡಿ. ಅಂಟಿಸಿದ ಹಾಗೇ, ಅಂಚೆಯವರ ಬರಹ ಕಾಣುವಂತೆ ಇಡಿ. ನಾಳೆ ಅದನ್ನು ನ್ಯಾಯಾಲಯದ ಮುಂದೆಯೇ ತೆರೆಯಬೇಕಾಗಬಹುದು.

ವಾಟ್ಸಾಪ್ ಸಂದೇಶ ಸಾಲದೇ? ಕರಾರಿನಲ್ಲಿ ವಾಟ್ಸಾಪ್ ಅಥವಾ ಇ-ಮೇಲ್ ನೋಟಿಸ್ ನಡೆಯುತ್ತದೆ ಎಂದು ಬರೆದಿದ್ದರೆ ಸರಿ. ಇಲ್ಲದಿದ್ದರೆ ಅದನ್ನು ಅಂಚೆಯ ಜೊತೆಗೆ ಕಳಿಸುವ ಹೆಚ್ಚುವರಿ ಪುರಾವೆಯಾಗಿ ಮಾತ್ರ ನೋಡಿ. ಸಹಿ ಮಾಡಿದ ನೋಟಿಸ್‌ನ ಫೋಟೊ ಕಳಿಸಿ, ಮಾಲೀಕರು 'ಸರಿ, ತಿಂಗಳ ಕೊನೆಗೆ ಬಿಡಿ' ಎಂದು ಉತ್ತರಿಸಿದರೆ ಆ ಉತ್ತರಕ್ಕೆ ಬೆಲೆ ಇದೆ. ಎರಡು ನೀಲಿ ಗೀಟಿಗೆ ಅಷ್ಟು ಬೆಲೆ ಇಲ್ಲ.

ಹಂತ 7: ಒಂದು ಲೆಕ್ಕ ಬಿಡಿಸಿ ನೋಡೋಣ

ಇದು ಕಲ್ಪಿತ ಉದಾಹರಣೆ. ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆ. ಬಾಡಿಗೆ 18,000, ಅಡ್ವಾನ್ಸ್ 1,50,000. ಕರಾರು 2024ರ ಜೂನ್ 1ರಿಂದ 2025ರ ಏಪ್ರಿಲ್ 30ರವರೆಗೆ, 11 ತಿಂಗಳು. ಒಂದು ತಿಂಗಳ ನೋಟಿಸ್, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ ಎಂದು ಬರೆದಿದೆ. ಏಪ್ರಿಲ್ ಆದ ಮೇಲೆ ಹೊಸ ಪತ್ರ ಇಲ್ಲ, ಬಾಡಿಗೆ ನಡೆದಿದೆ. ಬಾಡಿಗೆದಾರರಿಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಸೆಪ್ಟೆಂಬರ್ ಕೊನೆಗೆ ಹೊರಡಬೇಕು.

ಕರಾರಿನ ಅವಧಿ ಮುಗಿದಿದೆ, ಮಾಲೀಕರು ಬಾಡಿಗೆ ಪಡೆದಿದ್ದಾರೆ. ಹಾಗಾಗಿ ಇದು ತಿಂಗಳ ಬಾಡಿಗೆದಾರಿಕೆ, ಕಾನೂನಿನ ಲೆಕ್ಕದಲ್ಲಿ ಹದಿನೈದು ದಿನ. ಹಳೆಯ ಷರತ್ತಿನ ಲೆಕ್ಕದಲ್ಲಿ ಒಂದು ತಿಂಗಳು. ಉದ್ದದ್ದನ್ನೇ ಹಿಡಿಯುತ್ತಾರೆ. ಆಗಸ್ಟ್ 25, ಸೋಮವಾರ ನೋಟಿಸ್ ಅಂಚೆಗೆ ಬೀಳುತ್ತದೆ. 27ರಂದು ಗಣೇಶ ಚತುರ್ಥಿ, ರಜೆ. 28ರಂದು ತಲುಪುತ್ತದೆ. ಹದಿನೈದು ದಿನದ ಲೆಕ್ಕ ಸೆಪ್ಟೆಂಬರ್ 12ಕ್ಕೆ, ಒಂದು ತಿಂಗಳ ಲೆಕ್ಕ ಸೆಪ್ಟೆಂಬರ್ 28ಕ್ಕೆ ಮುಗಿಯುತ್ತದೆ. ನೋಟಿಸ್‌ನಲ್ಲಿ ಬರೆದ ದಿನಾಂಕ ಸೆಪ್ಟೆಂಬರ್ 30. ಎರಡೂ ಲೆಕ್ಕಕ್ಕೆ ಹೊಂದುತ್ತದೆ.

ಅದೇ ನೋಟಿಸ್ 28ರಂದು ಅಂಚೆಗೆ ಬಿದ್ದು ಸೆಪ್ಟೆಂಬರ್ 2ರಂದು ತಲುಪಿದ್ದರೆ ಒಂದು ತಿಂಗಳು ಮುಗಿಯುವುದು ಅಕ್ಟೋಬರ್ 2ಕ್ಕೆ. ಎರಡು ದಿನದ ಬಾಡಿಗೆಯ ಜಗಳ, ಕರಾರಿನಲ್ಲಿ 'ತಿಂಗಳ ಕೊನೆಗೆ' ಎಂದಿದ್ದರೆ ಇಡೀ ಅಕ್ಟೋಬರ್ ಬಾಡಿಗೆಯ ಜಗಳ. ಹಬ್ಬದ ವಾರದಲ್ಲಿ ನೋಟಿಸ್ ಕಳಿಸುವವರು ಅಂಚೆಗೆಂದು ಒಂದು ವಾರ ಮುಂಚೆಯೇ ಹೊರಡಿಸುವುದು ಇದಕ್ಕೇ.

ಸೆಪ್ಟೆಂಬರ್ ಬಾಡಿಗೆ 18,000 ಎಂದಿನಂತೆ ಬ್ಯಾಂಕಿನಿಂದ ಹೋಗುತ್ತದೆ. ಅಡ್ವಾನ್ಸ್ 1,50,000ದಲ್ಲಿ ಪೇಂಟಿಂಗ್ 18,000, ಕೊನೆಯ ಕರೆಂಟ್ ಬಿಲ್ 1,240 ಕಳೆದರೆ ಮರಳಬೇಕಾದದ್ದು 1,30,760. ಈ ಲೆಕ್ಕವನ್ನು ಮನೆ ಬಿಡುವ ವಾರದ ಮೊದಲೇ ಬರೆದು ಮಾಲೀಕರ ಒಪ್ಪಿಗೆ ಪಡೆದುಕೊಂಡರೆ ಕೊನೆಯ ದಿನ ಲಾರಿ ನಿಲ್ಲಿಸಿಕೊಂಡು ಚೌಕಾಸಿ ಮಾಡುವ ಪಾಡು ತಪ್ಪುತ್ತದೆ. ಪೇಂಟಿಂಗ್ ಕಡಿತ ಕರಾರಿನಲ್ಲಿ ಇಲ್ಲದಿದ್ದರೆ 'ಎಲ್ಲರೂ ಹಿಡಿಯುತ್ತಾರೆ' ಎಂಬುದು ಕಾರಣವಲ್ಲ. ಸಹಜ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ, ತಾನು ಮಾಡಿದ ಹಾನಿಗೆ ಹೊಣೆ.

ಎಲ್ಲಿ ಕೈ ಸುಟ್ಟುಕೊಳ್ಳುತ್ತಾರೆ

ಬಾಡಿಗೆದಾರರ ಕಡೆಯ ದೊಡ್ಡ ತಪ್ಪು, ಕೊನೆಯ ಎರಡು ತಿಂಗಳ ಬಾಡಿಗೆಯನ್ನು 'ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ' ಎಂದು ನಿಲ್ಲಿಸಿಬಿಡುವುದು. ಮಾಲೀಕರು ಬರವಣಿಗೆಯಲ್ಲಿ ಒಪ್ಪದ ಹೊರತು ಅದು ಬಾಕಿ. ಬಾಕಿ ಇಟ್ಟವರಿಗೆ ನ್ಯಾಯಾಲಯದಲ್ಲಿ ಮಾತಾಡುವ ಬಲ ಕಡಿಮೆ. ಅಡ್ವಾನ್ಸ್ ವಾಪಸ್ ಬರುವುದಿಲ್ಲ ಎಂಬ ಹೆದರಿಕೆ ನಿಜವಾದದ್ದೇ, ಆದರೆ ಅದಕ್ಕೆ ಲಿಖಿತ ಒಪ್ಪಿಗೆ ಕೇಳುವುದು ಮದ್ದು. ಇನ್ನೊಂದು ತಪ್ಪು, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವುದು. ಬೀಗದ ಕೈ ಮಾಲೀಕರಿಗೆ ಒಪ್ಪಿಸಿದ್ದಕ್ಕೆ ಎರಡು ಸಾಲಿನ ರಸೀದಿ ಇಲ್ಲದಿದ್ದರೆ, ನೀವು ಹೊರಟ ಮೇಲೂ ಮನೆ ನಿಮ್ಮ ವಶದಲ್ಲೇ ಇತ್ತು ಎಂದು ಬಾಡಿಗೆ ಕೇಳಲು ಅವಕಾಶ ಕೊಟ್ಟಂತೆ.

ಮಾಲೀಕರ ಕಡೆ ಎರಡು ತಪ್ಪು ಪದೇ ಪದೇ ಆಗುತ್ತವೆ. ನೋಟಿಸ್ ಕೊಟ್ಟ ಮೇಲೆ ಏನೂ ಹೇಳದೆ ತಿಂಗಳುಗಟ್ಟಲೆ ಬಾಡಿಗೆ ಪಡೆಯುತ್ತಾ ಹೋಗುವುದು ಒಂದು. ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಮಿನಂತೆ, ಬಾಡಿಗೆದಾರಿಕೆ ಮುಂದುವರಿಯಲಿ ಎಂಬ ಉದ್ದೇಶ ತೋರುವ ನಡೆಯಿಂದ ನೋಟಿಸ್ ಕೈಬಿಟ್ಟಂತಾಗಬಹುದು. ಹಣ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ ನಿಜ, ಆದರೆ 'ಈ ಹಣವನ್ನು ಮನೆ ಬಳಸಿದ್ದಕ್ಕೆ ಪರಿಹಾರವಾಗಿ ಪಡೆದಿದ್ದೇನೆ, ನೋಟಿಸ್ ಹಾಗೇ ಇದೆ' ಎಂದು ಪ್ರತಿ ಬಾರಿ ಒಂದು ಸಾಲು ಬರೆದು ಕಳಿಸಿದರೆ ಆ ವಾದಕ್ಕೇ ಜಾಗ ಇರುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ನೋಟಿಸ್ ಅವಧಿ ಮುಗಿದ ಮರುದಿನ ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಫ್ಯೂಸ್ ತೆಗೆಯುವುದು. ನೋಟಿಸ್ ಬಾಡಿಗೆದಾರಿಕೆಯನ್ನು ಮುಗಿಸುತ್ತದೆ, ಹೊರಹಾಕುವ ಅಧಿಕಾರ ಕೊಡುವುದಿಲ್ಲ. ಬಾಡಿಗೆದಾರರು ತಾವಾಗಿ ಬಿಡದಿದ್ದರೆ ದಾವೆ ಹಾಕಿ ಡಿಕ್ರಿ ಪಡೆದು ನ್ಯಾಯಾಲಯದ ಮೂಲಕವೇ ಸ್ವಾಧೀನ ಪಡೆಯಬೇಕು. ಬಲವಂತದಿಂದ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮಿನಡಿ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ಮರಳಿ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದ್ದು ಎಂಬ ಪ್ರಶ್ನೆಯನ್ನೇ ನೋಡುವುದಿಲ್ಲ. ಹಾಗೆ ಹೊರಹಾಕಿಸಿಕೊಂಡವರು ಆರು ತಿಂಗಳ ಗಡುವನ್ನು ಸಂಧಾನದಲ್ಲಿ ಕಳೆಯಬಾರದು.

ಭೋಗ್ಯದ ಮನೆಯವರಿಗೆ, ಅಂದರೆ ಲಕ್ಷಗಳ ಇಡುಗಂಟು ಕೊಟ್ಟು ಬಾಡಿಗೆ ಇಲ್ಲದೆ ಇರುವವರಿಗೆ, ಒಂದು ಮಾತು. ಅಲ್ಲಿ ಅಡಮಾನದ ನಿಯಮಗಳೂ ತಲೆಹಾಕಬಹುದಾದ್ದರಿಂದ ಮೇಲಿನ ಲೆಕ್ಕ ಸಾಲದು. ಬಿಡುವ ಮೂರು ತಿಂಗಳ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಏಕೆಂದರೆ ಮಾಲೀಕರು ಸಾಮಾನ್ಯವಾಗಿ ನಿಮ್ಮ ಹಣವನ್ನು ಮುಂದಿನವರ ಹಣದಿಂದಲೇ ತೀರಿಸುತ್ತಾರೆ. ಹಣ ಖಾತೆಗೆ ಬರುವುದೂ ಬೀಗದ ಕೈ ಹೋಗುವುದೂ ಒಂದೇ ಹೊತ್ತಿಗೆ ಆಗುವಂತೆ ಮೊದಲೇ ಬರೆದುಕೊಳ್ಳಿ.

ನಿಮಗೆ ನೋಟಿಸ್ ಬಂದಿದ್ದರೆ

ಲಕೋಟೆಯ ಮೇಲೆ ತಲುಪಿದ ದಿನಾಂಕ ಬರೆದು ಲಕೋಟೆಯನ್ನೂ ಇಟ್ಟುಕೊಳ್ಳಿ. ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ. ನಿರಾಕರಿಸಿದರೆ ತಲುಪಿದಂತೆಯೇ ಲೆಕ್ಕ, ಒಳಗೆ ಏನಿದೆ ಎಂದು ತಿಳಿಯುವ ಅವಕಾಶ ಮಾತ್ರ ತಪ್ಪುತ್ತದೆ. ಬಾಡಿಗೆ ನಿಲ್ಲಿಸಬೇಡಿ. ಮಾಲೀಕರು ಬೇಡ ಎಂದರೆ ಅವರ ಬ್ಯಾಂಕ್ ಖಾತೆಗೆ ಹಾಕಿ, ಅದೂ ಆಗದಿದ್ದರೆ ಮನಿ ಆರ್ಡರ್ ಕಳಿಸಿ, ಮರಳಿ ಬಂದರೆ ಅದರ ದಾಖಲೆ ಇಡಿ. ನೋಟಿಸ್‌ನಲ್ಲಿ ಇಲ್ಲದ ಬಾಕಿ ತೋರಿಸಿದ್ದರೆ ಅವಧಿಯೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ.

ವಕೀಲರ ಶುಲ್ಕ ಭರಿಸಲಾಗದವರು ತಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಅಡ್ವಾನ್ಸ್ ಬಾರದೆ ಇದ್ದರೆ ಅದನ್ನು ವಸೂಲಿ ಮಾಡುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ. ಅಲ್ಲಿಗೆ ಹೋಗುವಾಗ ಮೂಲ ಕರಾರು, ಅಂಚೆ ರಸೀದಿ, ಬೀಗದ ಕೈ ಒಪ್ಪಿಸಿದ ರಸೀದಿ, ಬ್ಯಾಂಕ್ ವಿವರ, ಇಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.